ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಕ್ರೆಡ್ಲಿ ಬ್ಯಾಡ್ಜ್: ಕಲಬುರಗಿಯಿಂದ ಕೆಲವು ವರ್ಷಗಳ ಬಳಕೆಯ ನಂತರ

ಕಲಬುರಗಿಯಲ್ಲೇ ಕೂತು ಹೈದರಾಬಾದ್, ಬೆಂಗಳೂರಿನ ಕಂಪನಿಗಳಿಗೆ ನೆಟ್‌ವರ್ಕ್ ಮತ್ತು ಕ್ಲೌಡ್ ಕೆಲಸ ಮಾಡಿಕೊಡುವ ಸಣ್ಣ ತಂಡದಲ್ಲಿ ನಾನಿದ್ದೇನೆ. ನನ್ನ ಪ್ರಮಾಣಪತ್ರಗಳಿಗೆ ಸಿಕ್ಕ ಡಿಜಿಟಲ್ ಬ್ಯಾಡ್ಜ್‌ಗಳನ್ನು, ಅಂಥವನ್ನು ಇಟ್ಟು ತೋರಿಸುವ ಕ್ರೆಡ್ಲಿ ಎಂಬ ಜಾಲತಾಣದಲ್ಲಿ ಇಟ್ಟು, ಅವುಗಳ ಲಿಂಕನ್ನು ಲಿಂಕ್ಡ್‌ಇನ್‌ಗೆ ಹಾಕಿಕೊಂಡು ಕೆಲವು ವರ್ಷಗಳಾದವು. ತಂಡಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಅವರ ಪ್ರೊಫೈಲ್ ನೋಡುವ ಕೆಲಸವೂ ನನ್ನದೇ. ಹಾಗಾಗಿ ಬ್ಯಾಡ್ಜ್ ತೋರಿಸುವವರು ಏನು ಮಾಡುತ್ತಾರೆ, ನೋಡುವವರಿಗೆ ಏನು ಕಾಣುತ್ತದೆ, ಎರಡೂ ಗೊತ್ತು. ನಮ್ಮ ಕಡೆಯ ಕಾಲೇಜುಗಳ ಹೆಸರು ಕೇಳಿರದ ನೇಮಕಾತಿಯವರ ಮುಂದೆ ಈ ಲಿಂಕ್ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಅದು ಬದುಕಿರಬೇಕಾದರೆ ಮೂರು ಸಂಗತಿ ಸರಿ ಇರಬೇಕು: ಇಮೇಲ್, ಹೆಸರು, ಮತ್ತು ಬ್ಯಾಡ್ಜ್ ಕೊಟ್ಟವರ ಜಾಲತಾಣ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಲಿಂಕ್ಡ್‌ಇನ್‌ನ `Licenses & certifications` ವಿಭಾಗದಲ್ಲಿ ನಾವು ಬರೆದದ್ದನ್ನು ಯಾರೂ ಪರಿಶೀಲಿಸುವುದಿಲ್ಲ. ಸಂಸ್ಥೆಯ ಜಾಗದಲ್ಲಿ ನೆಟ್‌ವರ್ಕ್ ಕಂಪನಿ ಸಿಸ್ಕೋದ ಹೆಸರು ಟೈಪ್ ಮಾಡಿ, ಕೆಳಗೆ ಬರುವ ಪಟ್ಟಿಯಿಂದ ಆರಿಸಿದರೆ ಸಿಸ್ಕೋದ ಲೋಗೋ ತಾನಾಗಿಯೇ ಬಂದು ಕೂಡುತ್ತದೆ. ಪರೀಕ್ಷೆ ಬರೆದವರಿಗೂ ಬರುತ್ತದೆ, ಬರೆಯದವರಿಗೂ ಬರುತ್ತದೆ. `Credential ID` ಎಂಬಲ್ಲಿ ಯಾವ ಸಂಖ್ಯೆ ತುಂಬಿದರೂ ಅದು ಒಪ್ಪಿಕೊಳ್ಳುತ್ತದೆ. ಹೆಸರಿನ ಪಕ್ಕದ ವೆರಿಫೈಡ್ ಗುರುತನ್ನು ನೋಡಿ ಪ್ರಮಾಣಪತ್ರಗಳೂ ಪರಿಶೀಲನೆಯಾಗಿವೆ ಅಂದುಕೊಳ್ಳುವವರಿದ್ದಾರೆ. ಭಾರತದಲ್ಲಿ ಆ ಗುರುತು ಸಾಮಾನ್ಯವಾಗಿ ಡಿಜಿಲಾಕರ್‌ನಲ್ಲಿರುವ ಆಧಾರ್ ಮೂಲಕ ನಿಮ್ಮ ಹೆಸರನ್ನು ಖಚಿತಪಡಿಸುತ್ತದೆ, ಅಷ್ಟೇ. ನಿಮ್ಮ ಕಲಿಕೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಗಾಗಿ ಆ ವಿಭಾಗದಲ್ಲಿ ಸಾಕ್ಷಿ ಎನ್ನಬಹುದಾದದ್ದು `Credential URL` ಒಂದೇ. ಅಲ್ಲಿ ಲಿಂಕ್ ಹಾಕಿದರೆ ನೋಡುವವರಿಗೆ `Show credential` ಎಂಬ ಗುಂಡಿ ಸಿಗುತ್ತದೆ. ಒತ್ತಿದರೆ ಕ್ರೆಡ್ಲಿಯ ಪುಟ ತೆರೆದು, ಯಾರು ಕೊಟ್ಟದ್ದು, ಯಾರಿಗೆ, ಯಾವಾಗ, ಯಾವಾಗ ಮುಗಿಯುತ್ತದೆ, ಅದಕ್ಕೆ ಏನು ಮಾಡಬೇಕಿತ್ತು ಎಂಬುದೆಲ್ಲ ಕಾಣುತ್ತದೆ. ಆ ಪುಟವನ್ನು ನಾವು ತಿದ್ದಲಾರೆವು. ಅದರ ಬೆಲೆ ಇರುವುದೇ ಅಲ್ಲಿ.

ಇನ್ನು ಒಂದು ಪ್ರಕರಣ ಹೇಳುತ್ತೇನೆ. ಸೇಡಂ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಪ್ರೊಫೈಲಿನಲ್ಲಿ ಸಿಸ್ಕೋದ ನೆಟ್‌ವರ್ಕ್ ಪ್ರಮಾಣಪತ್ರವಾದ ಸಿಸಿಎನ್‌ಎ ಎಂದು ಬರೆದಿದ್ದಳು, ಸಿಸ್ಕೋ ಲೋಗೋ ಇತ್ತು, ಲಿಂಕ್ ಇರಲಿಲ್ಲ. ಬದಲಿಗೆ ಬ್ಯಾಡ್ಜ್‌ನ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿದಳು. ಚಿತ್ರ ನೋಡಿದ ಕೂಡಲೇ ಗೊತ್ತಾಯಿತು, ಅದು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ‘ಇಂಟ್ರೊಡಕ್ಷನ್ ಟು ನೆಟ್‌ವರ್ಕ್ಸ್’ ಕೋರ್ಸಿನದು. ಸಿಸಿಎನ್‌ಎ ಹೆಸರಿನಡಿ ಅಕಾಡೆಮಿಯಲ್ಲಿ ಮೂರು ಕೋರ್ಸುಗಳಿವೆ, ಇದು ಅದರಲ್ಲಿ ಮೊದಲನೆಯದು. ಸಿಸಿಎನ್‌ಎ ಪ್ರಮಾಣಪತ್ರಕ್ಕೆ 200-301 ಎಂಬ ಬೇರೆಯೇ ಪರೀಕ್ಷೆ ಪಾಸಾಗಬೇಕು, ಅದಕ್ಕೆ 3 ವರ್ಷದ ಅವಧಿಯೂ ಇದೆ. ಹುಡುಗಿ ಸುಳ್ಳು ಹೇಳುವವಳಲ್ಲ. ಬ್ಯಾಡ್ಜ್ ಮೇಲೆ ಸಿಸಿಎನ್‌ಎ ಎಂದೇ ಇತ್ತು, ಹಾಗೇ ಬರೆದಳು. ಆದರೆ ಬೆಂಗಳೂರಿನಲ್ಲಿ ಕೂತು ನೂರಾರು ಪ್ರೊಫೈಲ್ ಸರಿಸುವವರು ಇಷ್ಟು ವಿಚಾರಿಸುವುದಿಲ್ಲ, ಮೋಸ ಅಂದುಕೊಂಡು ಮುಂದೆ ಹೋಗುತ್ತಾರೆ. ಪಾಪ, ಅವಳು ನಿಜವಾಗಿ ಕಲಿತ ಕೋರ್ಸೂ ಆಗ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಡ್ಜ್ ಪುಟದ ಮೇಲೆ ಇರುವ ಪೂರ್ತಿ ಹೆಸರನ್ನೇ ಲಿಂಕ್ಡ್‌ಇನ್‌ನಲ್ಲಿ ಬರೆಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಲಿಂಕ್ ಕಳಿಸಮ್ಮಾ ಅಂದೆ. “ಸರ್ರ, ಮೇಲ್ ಬಂದಿತ್ತರಿ, ನಾ ಫೋಟೋ ಅಷ್ಟ ತಕ್ಕೊಂಡೆ. ಈಗ ಆ ಕಾಲೇಜ್ ಐಡಿ ತೆರಿಯಾಂಗಿಲ್ರಿ” ಅಂದಳು. ಓದು ಮುಗಿದ ಮೇಲೆ ಕಾಲೇಜು ಕೊಟ್ಟಿದ್ದ ಇಮೇಲ್ ಮುಚ್ಚಿತ್ತು. ಆ ಮೇಲ್‌ನಲ್ಲಿದ್ದ ಬ್ಯಾಡ್ಜನ್ನು ಕ್ರೆಡ್ಲಿಯಲ್ಲಿ ಖಾತೆ ತೆರೆದು ಸ್ವೀಕರಿಸಬೇಕಿತ್ತು. ಸ್ವೀಕರಿಸುವವರೆಗೆ ಬ್ಯಾಡ್ಜ್‌ಗೆ ಸಾರ್ವಜನಿಕ ಪುಟವೇ ಇರುವುದಿಲ್ಲ.

ಇಮೇಲ್ ಬದಲಾದರೆ ಏನಾಯಿತು, ಹೆಸರು ಅದೇ ಅಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಡಿಜಿಟಲ್ ಬ್ಯಾಡ್ಜ್‌ನ ಒಳಗೆ ಏನಿರಬೇಕೆಂದು ಹೇಳುವ ಓಪನ್ ಬ್ಯಾಡ್ಜಸ್ 2.0 ಮಾನಕದಲ್ಲಿ ಬ್ಯಾಡ್ಜ್ ಪಡೆದವರ ಗುರುತು ಸಾಮಾನ್ಯವಾಗಿ ಇಮೇಲ್ ವಿಳಾಸವೇ. ಬ್ಯಾಡ್ಜ್‌ನ ಒಳಗೆ ಅದು ಹೀಗಿರುತ್ತದೆ:

```
"recipient": {
  "type": "email",
  "hashed": true,
  "salt": "...",
  "identity": "sha256$..."
}
```

ವಿಳಾಸವನ್ನು ಯಾರೂ ಓದಲಾಗದಂತೆ ಹ್ಯಾಶ್ ಮಾಡಿ ಇಟ್ಟಿರುತ್ತಾರೆ. ನಾನೇ ಇದರ ಒಡೆಯ ಎಂದು ತೋರಿಸಲು ಅದೇ ವಿಳಾಸ ಬೇಕು. ಒಂದಕ್ಷರ ಬೇರೆಯಾದರೂ ಹ್ಯಾಶ್ ತಾಳೆಯಾಗುವುದಿಲ್ಲ. ಇದಕ್ಕೆ ಕ್ರೆಡ್ಲಿಯಲ್ಲಿ ಒಳ್ಳೆಯ ಅನುಕೂಲವಿದೆ. ಒಂದೇ ಖಾತೆಗೆ ಹಲವು ಇಮೇಲ್ ಸೇರಿಸಿ ಖಚಿತಪಡಿಸಿಕೊಳ್ಳಬಹುದು, ಯಾವ ವಿಳಾಸಕ್ಕೆ ಬ್ಯಾಡ್ಜ್ ಬಂದರೂ ಅದೇ ಖಾತೆಗೆ ಸೇರುತ್ತದೆ. ಖಚಿತಪಡಿಸುವ ಪತ್ರ ಕಾಲೇಜಿನ ಇನ್‌ಬಾಕ್ಸಿಗೇ ಬರುವುದರಿಂದ ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಈ ಕೆಲಸ ಆಗಬೇಕು. ಇವಳಿಗೆ ಆ ಕಾಲ ಮೀರಿತ್ತು. ಕೋರ್ಸಿನ ಪ್ರಮಾಣಪತ್ರದ ಪ್ರತಿ ಮತ್ತು ಕಾಲೇಜಿನ ಗುರುತಿನ ಚೀಟಿ ಜೋಡಿಸಿ, ಸ್ವಂತ ಇಮೇಲ್‌ಗೆ ಬ್ಯಾಡ್ಜ್ ಕೊಡಿ ಎಂದು ಕೊಟ್ಟವರಿಗೇ ಬರೆಸಿದೆ. ಕೆಲವು ಪತ್ರಗಳು ಆಚೆ ಈಚೆ ಓಡಾಡಿದ ಮೇಲೆ ಬ್ಯಾಡ್ಜ್ ಬಂತು. ಸ್ವೀಕರಿಸಿ, ಸಾರ್ವಜನಿಕ ಮಾಡಿ, ಲಿಂಕ್ ಹಾಕಿದಳು.

ಆಮೇಲೆ ಅವಳಿಂದ ಮಾಡಿಸಿದ ಒಂದು ಪರೀಕ್ಷೆಯನ್ನು ನಾನು ಎಲ್ಲರಿಂದಲೂ ಮಾಡಿಸುತ್ತೇನೆ. ಲಿಂಕನ್ನು ತಮ್ಮ ಫೋನಿನಲ್ಲಿ ತೆರೆದು ಬರುತ್ತದೆ ಅಂದರೆ ಸಾಲದು, ಅಲ್ಲಿ ಖಾತೆ ತೆರೆದೇ ಇರುತ್ತದೆ. ಮನೆಯಲ್ಲಿ ಬೇರೆಯವರ ಫೋನಿನಲ್ಲೋ ಇನ್‌ಕಾಗ್ನಿಟೊ ಕಿಟಕಿಯಲ್ಲೋ ತೆರೆಯಬೇಕು. ಬ್ಯಾಡ್ಜ್ ಖಾಸಗಿಯಾಗಿ ಉಳಿದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಅವಳು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರದ ಬಗ್ಗೆಯೂ ಹೇಳಬೇಕು. ಓಪನ್ ಬ್ಯಾಡ್ಜಸ್ ಪ್ರಕಾರ ಬ್ಯಾಡ್ಜ್‌ನ ಮಾಹಿತಿಯನ್ನು ಪಿಎನ್‌ಜಿ ಚಿತ್ರದ ಒಳಗೇ ಹುದುಗಿಸಿಡಬಹುದು. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಮಾಡುತ್ತದೆ, ಒಳಗಿನ ಮಾಹಿತಿ ಹೋಗಿಬಿಡುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಮೊದಲಿನಿಂದಲೇ ಇರುವುದಿಲ್ಲ. ನಮಗೆ ಬರುವುದು ಬರೀ ಬಣ್ಣದ ಷಟ್ಕೋನ.

ಹೆಸರಿನ ತೊಂದರೆ ನಮ್ಮ ಭಾಗದವರಿಗೆ ಜಾಸ್ತಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ತಂದೆಯ ಹೆಸರೂ ಮನೆತನದ ಹೆಸರೂ ಸೇರಿ ಇನ್ನೊಂದು, ಲಿಂಕ್ಡ್‌ಇನ್‌ನಲ್ಲಿ ಗೆಳೆಯರು ಕರೆಯುವ ಮತ್ತೊಂದು. ಇಂಗ್ಲಿಷ್ ಅಕ್ಷರಗಳಲ್ಲಂತೂ ಒಬ್ಬರೇ ಒಂದು ಕಡೆ `Sharanabasappa`, ಇನ್ನೊಂದು ಕಡೆ `Sharnbasappa`. ಇದನ್ನು ಸಣ್ಣ ವಿಷಯ ಅನ್ನಬೇಡಿ. ಯಾರ ಕ್ರೆಡ್ಲಿ ಲಿಂಕನ್ನು ಯಾರು ಬೇಕಾದರೂ ತಮ್ಮ ಪ್ರೊಫೈಲಿಗೆ ಅಂಟಿಸಿಕೊಳ್ಳಬಹುದು, ಲಿಂಕ್ಡ್‌ಇನ್ ತಡೆಯುವುದಿಲ್ಲ. ಆದ್ದರಿಂದ ಪುಟ ತೆರೆದ ಮೇಲೆ ನಾನು ಮೊದಲು ನೋಡುವುದು ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ `credly.com` ಇದೆಯೇ ಎಂದು, ಎರಡನೆಯದು ಹೆಸರು ತಾಳೆಯಾಗುತ್ತದೆಯೇ ಎಂದು. ಹೆಸರು ಬೇರೆಯಿದ್ದರೆ ಅದು ನಿಮ್ಮದೇ ಬ್ಯಾಡ್ಜ್ ಎಂದು ನಂಬಲು ದಾರಿಯಿಲ್ಲ. ಪರೀಕ್ಷೆಗೆ ನೋಂದಾಯಿಸುವಾಗ ಗುರುತಿನ ಚೀಟಿಯಲ್ಲಿರುವ ಹೆಸರೇ ಕೊಡಬೇಕಾಗುತ್ತದೆ, ಆದ್ದರಿಂದ ಲಿಂಕ್ಡ್‌ಇನ್ ಹೆಸರನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ. ಮದುವೆಯ ನಂತರ ಹೆಸರು ಬದಲಾದವರು ಹಳೆಯದನ್ನು `Additional name` ಎಂಬಲ್ಲಿ ಇಡಬಹುದು.

ಅವಧಿಯ ಲೆಕ್ಕವನ್ನೂ ನಾವೇ ಇಟ್ಟುಕೊಳ್ಳಬೇಕು. ಅಮೆಜಾನ್‌ನ ಕ್ಲೌಡ್ ವಿಭಾಗವಾದ ಎಡಬ್ಲ್ಯೂಎಸ್‌ನ ಪ್ರಮಾಣಪತ್ರಕ್ಕೆ 3 ವರ್ಷ, ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಹಂತದ್ದಕ್ಕೆ 1 ವರ್ಷ. ನವೀಕರಿಸಿದರೂ, ಮುಗಿದುಹೋದರೂ ಲಿಂಕ್ಡ್‌ಇನ್‌ನಲ್ಲಿ ನಾವು ಬರೆದ ದಿನಾಂಕ ಹಾಗೇ ಕೂತಿರುತ್ತದೆ. ಮೈಕ್ರೋಸಾಫ್ಟ್ ವಿಷಯದಲ್ಲಿ ಇನ್ನೊಂದು ತೊಡಕಿದೆ. 2023ರ ಜೂನ್ ನಂತರ ಅದು ಪ್ರಮಾಣಪತ್ರಗಳಿಗೆ ಕ್ರೆಡ್ಲಿ ಬ್ಯಾಡ್ಜ್ ಕೊಡುವುದನ್ನು ನಿಲ್ಲಿಸಿ, ತನ್ನದೇ ಮೈಕ್ರೋಸಾಫ್ಟ್ ಲರ್ನ್ ಪ್ರೊಫೈಲಿನಿಂದ ಲಿಂಕ್ ಕೊಡುತ್ತಿದೆ. ಹಳೆಯ ಕ್ರೆಡ್ಲಿ ಲಿಂಕನ್ನೇ ಇಟ್ಟುಕೊಂಡವರು ಅದನ್ನು ತೆಗೆದು ಲರ್ನ್‌ನ ಲಿಂಕ್ ಹಾಕಿಕೊಳ್ಳಬೇಕು.

ಅಂಕಪಟ್ಟಿಯನ್ನು ಡಿಜಿಲಾಕರ್‌ನಿಂದ ಇಳಿಸಿ ಪ್ರೊಫೈಲಿಗೆ ಹಾಕುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಎಲ್ಲ ಊರಿಗೆಲ್ಲ ಕಾಣುತ್ತದೆ.

ಇನ್ನು ಬ್ಯಾಡ್ಜ್ ಕೊಟ್ಟವರ ಜಾಲತಾಣದ ಮಾತು. ನಾನು ಹಿಂದೆ ಒಂದು ತರಬೇತಿ ಸಂಸ್ಥೆಯಿಂದ ಪಡೆದ ಬ್ಯಾಡ್ಜ್ ಕ್ರೆಡ್ಲಿಯದಲ್ಲ, ಅವರದೇ ಸರ್ವರ್‌ನಲ್ಲಿ ಇತ್ತು. ಸಂಸ್ಥೆ ಮುಚ್ಚಿತು, ಡೊಮೇನ್ ನವೀಕರಿಸುವವರಿಲ್ಲ, ಲಿಂಕ್ ಸತ್ತಿತು. ಓಪನ್ ಬ್ಯಾಡ್ಜಸ್ 2.0ರಲ್ಲಿ ಇಂಥ ಬ್ಯಾಡ್ಜನ್ನು ಪರಿಶೀಲಿಸುವ ಕ್ರಮವೇ ಕೊಟ್ಟವರ ತಾಣಕ್ಕೆ ಹೋಗಿ ನೋಡುವುದು. ತಾಣ ಇಲ್ಲ ಅಂದರೆ ಬ್ಯಾಡ್ಜ್ ಕೂಡ ಇಲ್ಲ. ಕೆಲಸವನ್ನೆಲ್ಲ ಮಾಡಿ ಮುಗಿಸಿದ್ದ ನನಗೆ ಅದು ಈಗಲೂ ಬೇಸರವೇ.

ಓಪನ್ ಬ್ಯಾಡ್ಜಸ್ 3.0 ಇದಕ್ಕೆ ಅರ್ಧ ಉತ್ತರ. ಅದು ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ವೆರಿಫೈಯಬಲ್ ಕ್ರೆಡೆನ್ಶಿಯಲ್ಸ್ ಮಾದರಿಯನ್ನು ಅನುಸರಿಸುತ್ತದೆ. ಕೊಟ್ಟವರು ಡಿಜಿಟಲ್ ಸಹಿ ಹಾಕಿದ ಕಡತ ನಮ್ಮ ವಾಲೆಟ್‌ನಲ್ಲೇ ಇರುತ್ತದೆ, ಅವರ ಸಾರ್ವಜನಿಕ ಕೀಲಿಯಿಂದ ಸಹಿಯನ್ನು ಯಾರು ಬೇಕಾದರೂ ತಾಳೆ ನೋಡಬಹುದು, ಒಂದಕ್ಷರ ತಿದ್ದಿದರೂ ಸಹಿ ಒಡೆಯುತ್ತದೆ. ಅರ್ಧ ಅನ್ನಲು ಕಾರಣವಿದೆ. ಕೊಟ್ಟವರ ಗುರುತನ್ನು ಅವರ ಜಾಲತಾಣದ ವಿಳಾಸಕ್ಕೇ ಕಟ್ಟುವ `did:web` ವಿಧಾನ ಬಳಸಿದ್ದರೆ ಆ ಕೀಲಿಯೂ ಕೊಟ್ಟವರ ಡೊಮೇನ್‌ನಲ್ಲೇ ಇರುತ್ತದೆ, ಡೊಮೇನ್ ಹೋದರೆ ಮತ್ತೆ ಅದೇ ಕಥೆ. ಜೊತೆಗೆ ಲಿಂಕ್ಡ್‌ಇನ್‌ನ ಪ್ರಮಾಣಪತ್ರ ವಿಭಾಗಕ್ಕೆ ಸಹಿ ಮಾಡಿದ ಕಡತವನ್ನು ಓದಿ ಪರಿಶೀಲಿಸಲು ಬರುವುದಿಲ್ಲ, ಅದಕ್ಕೆ ಬೇಕಿರುವುದು ಲಿಂಕ್ ಮಾತ್ರ. ಅದೇ ಲಿಂಕ್ಡ್‌ಇನ್ ಉದ್ಯೋಗದ ಸ್ಥಳ ಖಚಿತಪಡಿಸಲು ಮೈಕ್ರೋಸಾಫ್ಟ್ ಎಂಟ್ರಾ ವೆರಿಫೈಡ್ ಐಡಿ ಎಂಬ ಸೇವೆಯ ಮೂಲಕ ಇಂಥ ಸಹಿ ಮಾಡಿದ ಕ್ರೆಡೆನ್ಶಿಯಲ್ ಸ್ವೀಕರಿಸುತ್ತದೆ. ಅಂದರೆ ತಂತ್ರ ಅವರ ಕೈಯಲ್ಲೇ ಇದೆ, ಕಲಿಕೆಯ ಪ್ರಮಾಣಪತ್ರಕ್ಕೂ ಅದನ್ನು ತರಬೇಕು ಎಂಬುದು ನನ್ನ ಬೇಡಿಕೆ.

ಅಂಕ ಕೊಡುವುದಾದರೆ ಕ್ರೆಡ್ಲಿಗೆ ಐದರಲ್ಲಿ ನಾಲ್ಕು, ಲಿಂಕ್ಡ್‌ಇನ್‌ನ ವಿಭಾಗಕ್ಕೆ ಎರಡೂವರೆ. ಸೇಡಂನ ಆ ಹುಡುಗಿ ಈಗ ನಮ್ಮ ತಂಡದಲ್ಲೇ ಇದ್ದಾಳೆ, 200-301ಕ್ಕೆ ಓದುತ್ತಿದ್ದಾಳೆ. ನೋಂದಣಿಗೆ ಸ್ವಂತ ಇಮೇಲನ್ನೇ ಕೊಟ್ಟಿದ್ದಾಳೆ.