ಬೇಸಿಗೆ ರಜೆಗೆ ಕ್ಯಾಂಪಾ, ಅಜ್ಜಿ ಊರಾ, ನಮ್ಮ ಲೀವಾ? ಮೂರನ್ನೂ ನೋಡಿದ್ಮೇಲೆ ನನ್ನ ಲೆಕ್ಕ

ನಾನು ತುಮಕೂರಿಂದ ವಸಂತನರಸಾಪುರದ ಕಡೆ ಕಂಪನಿಗೆ ಹೋಗ್ತೀನಿ, ಬೆಳಿಗ್ಗೆ 8ಕ್ಕೆ ಬಸ್ ಹತ್ತಿದ್ರೆ ಮನೆಗೆ ಬರೋದು ಸಂಜೆ 6ಕ್ಕೆ. ಯಜಮಾನ್ರು ಇಲ್ಲೇ ಸರ್ಕಾರಿ ಆಫೀಸಲ್ಲಿ. ಮಗಳು ಮೂರನೇ ಕ್ಲಾಸು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಹತ್ತಿರ ಹತ್ತಿರ ಏಳು ವಾರ ಅವಳನ್ನ ಯಾರ ಹತ್ರ ಬಿಡೋದು ಅನ್ನೋದೇ ಪ್ರಶ್ನೆ.

ಕ್ಯಾಂಪಲ್ಲಿ ಮಗು ಖುಷಿಯಾಗಿರ್ತಾಳೆ, ಡ್ರಾಯಿಂಗು, ನಾಟಕ, ಹೊಸ ಫ್ರೆಂಡ್ಸು ಎಲ್ಲಾ ಸರಿ. ಆದ್ರೆ ನಾವು ನೋಡಿದ್ವೆಲ್ಲ 10ರಿಂದ 1ರವರೆಗೆ ಅಷ್ಟೇ, ಮೂರು ವಾರಕ್ಕೆ ಮುಗಿದೋಗುತ್ತೆ. ಅದಕ್ಕೇ ಫೀಸು ಕಟ್ಟೋ ಮೊದ್ಲು ಏನ್ ಕಲಿಸ್ತೀರಾ ಅನ್ನೋದಕ್ಕಿಂತ 1 ಗಂಟೆ ಮೇಲೆ ಮಕ್ಕಳನ್ನ ಇಟ್ಕೋತೀರಾ ಅಂತ ಕೇಳಿ. ಮಧ್ಯಾಹ್ನಕ್ಕೆ ಡೇಕೇರ್‌ಗೂ ಹಾಕಿ ನೋಡಿದ್ವಿ, ಅಲ್ಲಿ ಎಲ್ಲಾ ಮೂರು ವರ್ಷದ ಪುಟಾಣಿಗಳು, ಇವಳಿಗೆ ಆಡೋಕೆ ಯಾರೂ ಇಲ್ಲ, ನಾಕನೇ ದಿನಕ್ಕೇ ಹೋಗಲ್ಲ ಅಂದ್ಳು.

ಅಜ್ಜಿ ಊರು ಮಧುಗಿರಿ ಕಡೆ, ಮಗಳಿಗೆ ಅದೇ ಇಷ್ಟ. ನನಗೆ ಭಯ ಅಂದ್ರೆ ಪಕ್ಕದ ಹೊಲದ ಕೃಷಿ ಹೊಂಡ, ಸುತ್ತ ಬೇಲಿ ಇಲ್ಲ, ಅತ್ತೆಗೆ ಮಂಡಿ ನೋವು, ಹಿಂದೆ ಓಡೋಕಾಗಲ್ಲ. ಹಾಗಾಗಿ ನಾದಿನಿ ಮಗ, ಸ್ವಲ್ಪ ದೊಡ್ಡವನು, ಅವನೂ ಊರಲ್ಲಿದ್ರೆ ಮಾತ್ರ ಕಳಿಸ್ತೀವಿ, ಅದೂ ಹತ್ತು ದಿನದ ಆಸುಪಾಸು. ಅತ್ತೆ ಸುಸ್ತಾಗಿದೆ ಅಂತ ಬಾಯಿಬಿಟ್ಟು ಹೇಳೋರಲ್ಲ, ಆದ್ರೆ ಯಾವಾಗ ಫೋನ್ ಮಾಡಿದ್ರೂ ಟಿವಿ ಸೌಂಡೇ ಕೇಳ್ತಿದ್ರೆ, ಊಟ ಮೂರು ಗಂಟೆಗಾಗ್ತಿದ್ರೆ, ಸಾಕು ಕರ್ಕೊಂಡು ಬರೋಣ ಅಂತ ಅರ್ಥ.

ನಮಗೆ ಸರಿಹೋಗಿದ್ದು ಅತ್ತೆನೇ ಇಲ್ಲಿಗೆ ಕರೆಸ್ಕೊಳ್ಳೋದು, ಕ್ಯಾಂಪ್ ಇರೋ ಟೈಮಿಗೆ. ಬೆಳಿಗ್ಗೆ ಯಜಮಾನ್ರು ಆಫೀಸಿಗೆ ಹೋಗ್ತಾ ಬಿಡ್ತಾರೆ, 1 ಗಂಟೆಗೆ ಗೊತ್ತಿರೋ ಆಟೋದವ್ರು ಕರ್ಕೊಂಡು ಬರ್ತಾರೆ, ಅತ್ತೆಗೆ ಬೆಳಗ್ಗೆಯೆಲ್ಲಾ ರೆಸ್ಟು. ಊರಲ್ಲಿ ಹಸು ಇರೋದ್ರಿಂದ ಅವ್ರು ಎರಡು ವಾರಕ್ಕಿಂತ ಜಾಸ್ತಿ ಇರೋಕಾಗಲ್ಲ, ಮೂರನೇ ವಾರ ಯಜಮಾನ್ರು ಮಧ್ಯಾಹ್ನದ ಅರ್ಧ ದಿನ ಸಿಎಲ್ ಹಾಕ್ತಾರೆ, ಆರು ಅರ್ಧ ದಿನ ಅಂದ್ರೆ ಮೂರು ಸಿಎಲ್. ವರ್ಷಕ್ಕೆ ಸಿಗೋದೇ 10, ಮಳೆಗಾಲದಲ್ಲಿ ಮಗುಗೆ ಜ್ವರ ಬಂದ್ರೆ ಬೇಕಲ್ಲ, ಅದಕ್ಕೇ ಅದನ್ನ ಪೂರ್ತಿ ಇಲ್ಲೇ ಖರ್ಚು ಮಾಡಬಾರದು. ಆಮೇಲೆ ಊರಿಗೆ ಕಳಿಸೋದು.

ಕ್ಯಾಂಪೂ ಮುಗಿದು, ಅಜ್ಜಿ ಊರೂ ಮುಗಿದು ಉಳಿಯೋ ಮೇ ಕೊನೆಯ ಎರಡು ವಾರವೇ ಕಷ್ಟದ್ದು, ನಮ್ಮ ದೊಡ್ಡ ಲೀವೆಲ್ಲಾ ಅದಕ್ಕೇ ಎತ್ತಿಟ್ಟಿರ್ತೀವಿ. ಒಂದು ವಾರ ಅವರು ಇಎಲ್, ಇನ್ನೊಂದು ವಾರ ನಾನು. ಯಜಮಾನ್ರೊಬ್ಬರೇ ಎರಡು ವಾರ ಹಾಕಿದ್ರೆ ಮಧ್ಯದ ಭಾನುವಾರನೂ ಅವರ ಇಎಲ್ ಲೆಕ್ಕಕ್ಕೆ ಸೇರುತ್ತೆ, ಸೋಮವಾರದಿಂದ ಶನಿವಾರ ಅಷ್ಟೇ ಹಾಕಿದ್ರೆ ಆ ದಿನ ಉಳಿಯುತ್ತೆ. ನಮ್ಮ ಕಂಪನಿಲಿ ತಿಂಗಳ ಕೊನೆಗೆ ಲೀವ್ ಕೊಡಲ್ಲ, ಅದಕ್ಕೆ ಮೊದಲ ವಾರ ನಂದು, ಅರ್ಜಿ ಏಪ್ರಿಲ್‌ನಲ್ಲೇ ಕೊಟ್ಟಿರ್ತೀನಿ.

ದಸರಾ ರಜೆಗೆ ನಮ್ಮ ಕಡೆ ಕ್ಯಾಂಪ್ ಸಿಗೋದೇ ಅಪರೂಪ, ಆಗ ಊರು ಮತ್ತೆ ಜುಲೈನಲ್ಲಿ ಯಜಮಾನ್ರಿಗೆ ಜಮಾ ಆಗೋ 15 ಇಎಲ್ ಇವೆರಡೇ ಇರೋದು.