ದಪ್ಪ ಗೋಡೆ, ಬಿಸಿ ತೋಳು, ಆಟೋಫ್ರೆಟೇಜ್: ಒಂದೇ ಸಿಲಿಂಡರಿಗೆ ಮೂರು ದಾರಿ ನೋಡಿದ್ದು

ತುಮಕೂರಿನ ಅಂತರಸನಹಳ್ಳಿ ಕಡೆ ನಮ್ಮದೊಂದು ಸಣ್ಣ ಮಷೀನ್ ಶಾಪ್. ಒಬ್ಬರು ಗಿರಾಕಿಗೆ ಟೆಸ್ಟಿಂಗ್ ಪಂಪಿನ ಸಿಲಿಂಡರ್ ಮಾಡಿಕೊಡಬೇಕಿತ್ತು. ಒಳಬೋರು 40 ಮಿಮೀ, ಹೊರಗಡೆ 80 ಮಿಮೀ, ಇಎನ್ 24 ಉಕ್ಕು, ಸರ್ಟಿಫಿಕೇಟಿನಲ್ಲಿ ಯೀಲ್ಡ್, ಅಂದರೆ ಉಕ್ಕು ಶಾಶ್ವತವಾಗಿ ಹಿಗ್ಗಲು ಶುರುವಾಗುವ ಮಿತಿ, 800 ಎಂಪಿಎ. ಒಳಗಿನ ಒತ್ತಡ 250 ಎಂಪಿಎ, ಅಂದರೆ 2500 ಬಾರ್. ಅದೂ ಒಂದು ಸಲ ಅಲ್ಲ, ಪ್ರತಿ ಸ್ಟ್ರೋಕಿಗೂ ಸೊನ್ನೆಯಿಂದ 250ಕ್ಕೆ ಹೋಗಿ ಬರಬೇಕು. ಮೊದಲು ಕೊಟ್ಟ ಸಾದಾ ಸಿಲಿಂಡರ್ ಕೆಲವೇ ವಾರದಲ್ಲಿ ವಾಪಸ್ ಬಂತು. ಬೋರಿನೊಳಗೆ ಉದ್ದಕ್ಕೆ ಬಿರುಕು, ಹೊರಗಡೆ ಎಣ್ಣೆ ಜಿನುಗು.

ನಮ್ಮ ಹಿರಿಯ ಟರ್ನರ್ ನೋಡಿದವರೇ, "ಗೋಡೆ ಸಾಲ್ದು ಕಣಪ್ಪ, 80ರ ಬದಲು 120 ಮಾಡು" ಅಂದರು. "ಲೆಕ್ಕ ಹಾಕಿ ನೋಡ್ತೀನಿ ಅಣ್ಣ" ಅಂದೆ. ಯಾರಿಗಾದರೂ ಮೊದಲು ಹೊಳೆಯುವುದು ಅದೇ ಅಲ್ವಾ?

ಆದರೆ ಒಳಗಿನಿಂದ ಒತ್ತಿದಾಗ ದಪ್ಪ ಗೋಡೆಯ ಎಲ್ಲ ಪದರವೂ ಸಮನಾಗಿ ಭಾರ ಹೊರುವುದಿಲ್ಲ. ನಮ್ಮ 40/80 ಸಿಲಿಂಡರಿನಲ್ಲಿ 250ಕ್ಕೆ ಬೋರಿನ ಚರ್ಮದಲ್ಲಿ ಸುತ್ತಳತೆ ಕಡೆಗೆ 417 ಎಂಪಿಎ ಎಳೆತ ಬರುತ್ತದೆ, ಹೊರಮೈಯಲ್ಲಿ ಬರೀ 167. ಒಳಗಿನವನು ಒದ್ದಾಡುತ್ತಿರುತ್ತಾನೆ, ಹೊರಗಿನವನು ಅರ್ಧಂಬರ್ಧ ಕೆಲಸ ಮಾಡುತ್ತಿರುತ್ತಾನೆ. ಬೋರು ಯೀಲ್ಡ್ ಆಗಲು ಶುರುವಾಗುವ ಒತ್ತಡ ಇದು. σy ಅಂದರೆ ಉಕ್ಕಿನ ಯೀಲ್ಡ್, K ಅಂದರೆ ಹೊರ ವ್ಯಾಸ ಭಾಗಿಸು ಒಳ ವ್ಯಾಸ:

```
p = σy (K² − 1) / (2K²)
```

K = 2 ಆದಾಗ 300 ಎಂಪಿಎ ಬರುತ್ತದೆ. ಅಣ್ಣ ಹೇಳಿದ ಹಾಗೆ 120 ಮಾಡಿದರೆ K = 3, ಒತ್ತಡ 356. ಉಕ್ಕು ಎರಡೂವರೆ ಪಟ್ಟಿಗಿಂತ ಜಾಸ್ತಿ ಹೋಯಿತು, ಸಿಕ್ಕಿದ್ದು ಸುಮಾರು 19 ಪರ್ಸೆಂಟ್. ಗೋಡೆಯನ್ನು ಬೆಟ್ಟದಷ್ಟು ದಪ್ಪ ಮಾಡಿದರೂ ಈ ಸೂತ್ರ ಯೀಲ್ಡಿನ ಅರ್ಧಕ್ಕೇ, ಅಂದರೆ 400ಕ್ಕೇ ನಿಲ್ಲುತ್ತದೆ. ಹಾಗಾಗಿ 120ರದು ಮಾಡಲೇ ಇಲ್ಲ.

ಎರಡನೆಯದು ನಮಗೆ ಗೊತ್ತಿದ್ದ ದಾರಿ. ಬಂಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಕಾಯಿಸಿ ಹಾಕಿದ ಹಾಗೆ, ಒಳಗೊಂದು ಟ್ಯೂಬು, ಅದರ ಮೇಲೆ ಕಾಯಿಸಿದ ತೋಳು, ಅಂದರೆ ಇನ್ನೊಂದು ಟ್ಯೂಬು. ಜೋಡಣೆ ವ್ಯಾಸ ಸುಮಾರು 56.6 ಮಿಮೀ ಇಟ್ಟೆವು, ತೋಳಿನ ಬೋರು ಅದಕ್ಕಿಂತ 0.11 ಮಿಮೀ ಚಿಕ್ಕದು. 250 ಡಿಗ್ರಿಗೆ ಕಾಯಿಸಿದರೆ ತೋಳು ಸಲೀಸಾಗಿ ಕೂರುತ್ತದೆ. ತಣ್ಣಗಾದ ಮೇಲೆ ಅದು ಒಳಗಿನ ಟ್ಯೂಬನ್ನು ಹಿಂಡಿ ಹಿಡಿಯುತ್ತದೆ, ಲೆಕ್ಕದಲ್ಲಿ ಯೀಲ್ಡ್ ಒತ್ತಡ 300ರಿಂದ 400ಕ್ಕೆ ಏರುತ್ತದೆ. ಹೊರ ಅಳತೆ ಅದೇ 80! ಇದು ನಮಗೆ ಖುಷಿ ಕೊಟ್ಟ ಕೆಲಸ. ಕಷ್ಟ ಇರುವುದು ಆ 0.11ರಲ್ಲಿ. ಉದ್ದನೆಯ ತೋಳಿನ ಒಳಗೆ ಮಿಮೀಯ ನೂರನೇ ಒಂದು ಭಾಗ ತಪ್ಪಿದರೂ ಹಿಡಿತ ಹತ್ತು ಪರ್ಸೆಂಟ್ ಆಚೀಚೆ ಆಗುತ್ತದೆ, ನಮ್ಮ ಎರಡನೇ ತೋಳಂತೂ ಅರ್ಧ ದಾರಿಯಲ್ಲೇ ಕಚ್ಚಿಕೊಂಡು ಎರಡೂ ಪೀಸು ಹಾಳಾದವು.

ಮೂರನೆಯದೇ ಆಟೋಫ್ರೆಟೇಜ್. ಹೆಸರು ಫ್ರೆಂಚ್, ಫಿರಂಗಿ ನಳಿಗೆಗೆ ಬಂದ ವಿದ್ಯೆ. ತಾನೇ ತನಗೆ ಪಟ್ಟಾ ಹಾಕಿಕೊಳ್ಳುವುದು ಅಂತ ಅರ್ಥ. ಇಲ್ಲಿ ಎರಡು ತುಂಡು ಇಲ್ಲ. ಒಂದೇ ಸಿಲಿಂಡರಿಗೆ ಬೇಕಂತಲೇ ಯೀಲ್ಡಿಗಿಂತ ಜಾಸ್ತಿ ಒತ್ತಡ ಕೊಡುತ್ತೇವೆ. ಒಳಗಿನ ಪದರ ಹಿಗ್ಗಿ ಶಾಶ್ವತವಾಗಿ ದೊಡ್ಡದಾಗುತ್ತದೆ. ಹೊರಗಿನ ಪದರ ರಬ್ಬರಿನ ಹಾಗೆ ಬರೀ ಎಳೆದುಕೊಂಡಿರುತ್ತದೆ. ಒತ್ತಡ ಬಿಟ್ಟಾಗ ಹೊರಗಿನದು ತನ್ನ ಹಳೇ ಅಳತೆಗೆ ಬರಲು ನೋಡುತ್ತದೆ, ಒಳಗಿನದು ಈಗ ದೊಡ್ಡದಾಗಿದೆ, ಜಾಗ ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಬೋರು ಸುಮ್ನೆ ಕೂತಾಗಲೂ ಹಿಂಡಿಕೊಂಡೇ ಇರುತ್ತದೆ.

ಎಷ್ಟು ಒತ್ತಡ ಕೊಡಬೇಕು? ನಾವು ಯೀಲ್ಡ್ ಆಗುವ ಗಡಿಯನ್ನು 28 ಮಿಮೀ ತ್ರಿಜ್ಯದಲ್ಲಿ ನಿಲ್ಲಿಸಲು ತೀರ್ಮಾನಿಸಿದೆವು. 20ರಿಂದ 28ರವರೆಗೆ ಯೀಲ್ಡ್, 28ರಿಂದ 40ರವರೆಗೆ ಸ್ಪ್ರಿಂಗ್. ಅದಕ್ಕೆ 473 ಎಂಪಿಎ ಬೇಕು. ಬಿಟ್ಟ ಮೇಲೆ ಬೋರಿನಲ್ಲಿ 462 ಎಂಪಿಎ ಹಿಂಡಿಕೆ ಉಳಿಯುತ್ತದೆ, ಹೊರಮೈಯಲ್ಲಿ 77 ಎಳೆತ. ಈಗ ಕೆಲಸದ 250 ಕೊಟ್ಟರೆ ಬೋರಿಗೆ ಬರುವ 417 ಎಳೆತ ಮೊದಲು ಈ 462ನ್ನು ತೀರಿಸಬೇಕು, ತೀರುವುದೇ ಇಲ್ಲ, ಇನ್ನೂ 45 ಹಿಂಡಿಕೆ ಬಾಕಿ. ಬಿರುಕು ಇದ್ದರೆ ಅದರೊಳಗೆ ಎಣ್ಣೆ ನುಗ್ಗಿ ತಾನೂ 250 ತಳ್ಳುತ್ತದೆ, ಆದರೂ ಬಾಯಿ ತೆರೆಸುವ ಬಲ 205 ಅಷ್ಟೇ. ಸಾದಾ ಸಿಲಿಂಡರಿನಲ್ಲಿ ಅದು 667 ಇತ್ತು. ನಮ್ಮ ಮೊದಲ ಪೀಸು ಯಾಕೆ ಸೀಳಿತು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಅಷ್ಟು ಒತ್ತಡದ ಪಂಪು ನಮ್ಮ ಹತ್ತಿರ ಇಲ್ಲ, ಹೊರಗೆ ಜಾಬ್ ಕೊಟ್ಟು ನಾನೂ ಹೋಗಿ ನಿಂತೆ. ಬೋರಿನೊಳಗೆ ಒಂದು ಉಕ್ಕಿನ ದಿಂಡು ಇಡುತ್ತಾರೆ, ಎಣ್ಣೆ ಕಡಿಮೆ ಹಿಡಿಯಲಿ ಅಂತ. ಎಣ್ಣೆ ಕಡಿಮೆ ಇದ್ದಷ್ಟೂ ಏನಾದರೂ ಸಿಡಿದಾಗ ಹೊರಬರುವ ಶಕ್ತಿ ಕಡಿಮೆ. ಗಾಳಿ ಪೂರ್ತಿ ತೆಗೆದು, ಎರಡೂ ತುದಿಯ ಪ್ಲಗ್ಗನ್ನು ಪ್ರೆಸ್ಸಿನಿಂದ ಒತ್ತಿ ಹಿಡಿದು, ಎಲ್ಲರೂ ಗೋಡೆ ಹಿಂದೆ ಹೋದ ಮೇಲೆಯೇ ಪಂಪು ಶುರು. ಹೊರಮೈ ಎಷ್ಟು ಹಿಗ್ಗುತ್ತಿದೆ ಅಂತ ಅಳೆಯಲು ಸ್ಟ್ರೇನ್ ಗೇಜ್ ಅಂಟಿಸಿರುತ್ತಾರೆ. 300ರವರೆಗೆ ಗ್ರಾಫ್ ನೇರ ಗೆರೆ. ಅಲ್ಲಿಂದ ಮೆಲ್ಲಗೆ ಬಾಗಿತು. ಆ ಬಾಗುವುದನ್ನು ಕಣ್ಣಾರೆ ನೋಡಬೇಕು, ಒಳಗೆ ಉಕ್ಕು ಸೋಲುತ್ತಿರುವುದು ಹೊರಗೆ ಕಾಣುತ್ತದೆ. ಪೂರ್ತಿ ಒತ್ತಡದಲ್ಲಿ ಹೊರ ವ್ಯಾಸ ಸುಮಾರು 0.15 ಮಿಮೀ ಹಿಗ್ಗಬೇಕು, ಬಿಟ್ಟ ಮೇಲೆ 0.03 ಉಳಿಯಬೇಕು. ನಮ್ಮ ಮೈಕ್ರೋಮೀಟರಿನಲ್ಲಿ 0.03 ಬಂದಾಗ ನನಗೆ ನಿಜಕ್ಕೂ ಸಮಾಧಾನ ಆಯಿತು. ಅದು ಸೊನ್ನೆ ಆಗಿದ್ದರೆ ಒಳಗೆ ಏನೂ ಆಗಿಲ್ಲ ಅಂತ, ತುಂಬಾ ಜಾಸ್ತಿ ಆಗಿದ್ದರೆ ಯೀಲ್ಡ್ ಗಡಿ ಹೊರಗಿನವರೆಗೆ ಹೋಗಿದೆ ಅಂತ.

ಕಾಗದದ ಮೇಲೆ ಹೀಗೆ ಯೀಲ್ಡ್ ಒತ್ತಡ 300ರಿಂದ 473ಕ್ಕೆ ಬಂತು. ಒಂದು ಮಾತು ಮಾತ್ರ ತಪ್ಪು ತಿಳಿಯಬೇಡಿ, ಸಿಲಿಂಡರ್ ಪೂರ್ತಿ ಸೋಲುವ ಒತ್ತಡ ಏರುವುದಿಲ್ಲ. ಗೋಡೆಯೆಲ್ಲ ಯೀಲ್ಡ್ ಆಗುವುದು ಮೊದಲೂ 555, ಈಗಲೂ 555. ಏರಿದ್ದು ಮತ್ತೆ ಅಳತೆ ಕೆಡದೆ, ಬಿರುಕು ಬಿಡದೆ ಬಳಸಬಹುದಾದ ಮಿತಿ. 462 ಅನ್ನುವುದೂ ಪುಸ್ತಕದ ಲೆಕ್ಕ. ಒಂದು ಸಲ ಎಳೆದು ಸೋಲಿಸಿದ ಉಕ್ಕು ಹಿಂಡುವಾಗ ಬೇಗ ಸೋಲುತ್ತದೆ, ಬೌಶಿಂಗರ್ ಪರಿಣಾಮ ಅನ್ನುತ್ತಾರೆ, ಹಾಗಾಗಿ ಬೋರಿನಲ್ಲಿ ನಿಜವಾಗಿ ಉಳಿಯುವುದು ಅದಕ್ಕಿಂತ ಕಡಿಮೆ ಇರಬಹುದು. ನಾನು 473ನ್ನು ನಂಬಿ 400ಕ್ಕೆ ಓಡಿಸುವುದಿಲ್ಲ, 250ಕ್ಕೇ ಇಟ್ಟಿದ್ದೇನೆ.

ನಾವು ಮಾಡಿದ ದೊಡ್ಡ ತಪ್ಪು ಇದರ ನಂತರ. ಎರಡು ಪೀಸಿನಲ್ಲಿ ಒಂದು ಅಭ್ಯಾಸಬಲದಿಂದ ಹೀಟ್ ಟ್ರೀಟ್‌ಮೆಂಟಿಗೆ ಹೋಯಿತು, ಸ್ಟ್ರೆಸ್ ರಿಲೀವ್ ಅಂತ 550 ಡಿಗ್ರಿ. ಕಷ್ಟಪಟ್ಟು ಒಳಗೆ ಕೂರಿಸಿದ್ದ ಹಿಂಡಿಕೆಯನ್ನೇ ತೆಗೆದುಬಿಟ್ಟೆವು. ಹೊರಗೆ ನೋಡಿದರೆ ಎರಡೂ ಒಂದೇ ಥರ, ಮೈಕ್ರೋಮೀಟರಿಗೂ ಗೊತ್ತಾಗುವುದಿಲ್ಲ. ಅನುಮಾನ ಬಂದು ಅದರ ನಡುವಿನಿಂದ ಒಂದು ಉಂಗುರ ಕತ್ತರಿಸಿ ಒಂದು ಕಡೆ ಗರಗಸ ಹಾಕಿದೆವು. ಹಿಂಡಿಕೆ ಇದ್ದರೆ ಸೀಳು ತಾನೇ ಬಾಯಿ ಬಿಡಬೇಕು, ಯಾಕೆಂದರೆ ಒಳಪದರ ಉದ್ದ ಆಗಲು, ಹೊರಪದರ ಗಿಡ್ಡ ಆಗಲು ಕಾಯುತ್ತಿರುತ್ತದೆ. ಬಿಡಲಿಲ್ಲ. ಬ್ಲೇಡಿನ ಅಗಲ ಎಷ್ಟೋ ಅಷ್ಟೇ.

ಈಗ ನಮ್ಮ ಡ್ರಾಯಿಂಗಿನಲ್ಲಿ ಕ್ರಮ ಬರೆದೇ ಇರುತ್ತದೆ. ಮೊದಲು ಹಾರ್ಡನಿಂಗ್, ಟೆಂಪರಿಂಗ್, ಹೊರಮೈ ಟರ್ನಿಂಗ್ ಎಲ್ಲ. ಬೋರು ಮಾತ್ರ 0.2 ಮಿಮೀ ಚಿಕ್ಕದು. ಆಮೇಲೆ ಆಟೋಫ್ರೆಟೇಜ್. ಕೊನೆಗೆ ಬೋರನ್ನು ಉಜ್ಜಿ ಸರಿ ಅಳತೆಗೆ ತರುವ ಹೋನಿಂಗ್. ಅದರ ನಂತರ ವೆಲ್ಡಿಂಗ್ ಇಲ್ಲ, ಅಡ್ಡ ತೂತು ಇಲ್ಲ, ಪೋರ್ಟುಗಳೆಲ್ಲ ತುದಿಯ ಪ್ಲಗ್ಗಿನಲ್ಲಿ. ಒಂದೆರಡು ಸಿಲಿಂಡರ್ ಆದರೆ, ಒತ್ತಡ ನಿಧಾನಕ್ಕೆ ಬದಲಾಗುವುದಾದರೆ ನಾನು ಈಗಲೂ ಬಿಸಿ ತೋಳನ್ನೇ ಹಾಕುತ್ತೇನೆ, ನಮ್ಮ ಶಾಪಿನಲ್ಲೇ ಮುಗಿಯುತ್ತದೆ. ಪ್ರತಿ ಸ್ಟ್ರೋಕಿಗೂ ಏರಿಳಿಯುವ ಪಂಪಿಗೆ ಮಾತ್ರ ಆಟೋಫ್ರೆಟೇಜ್ ಮಾಡಿಸದೆ ಕಳಿಸುವುದಿಲ್ಲ.