ಗಂಟೆಗೊಮ್ಮೆಯೋ, ದಿನಕ್ಕೆ ಮೂರು ಸಲವೋ? ಮೇಲ್ ನೋಡುವ ಎರಡು ಕ್ರಮ

ನಾನು ಬೆಂಗಳೂರಿನಲ್ಲಿ ಕೂತು ಜರ್ಮನಿಯ ತಂಡಕ್ಕೆ ಸಾಫ್ಟ್‌ವೇರ್ ಕೈಪಿಡಿ ಬರೆಯುತ್ತೇನೆ. ಒಂದು ಅಧ್ಯಾಯ ತಲೆಯಲ್ಲಿ ಕೂರಬೇಕಾದರೆ ಎರಡು ಗಂಟೆಯಾದರೂ ಯಾರ ಕಾಟವೂ ಇರಬಾರದು. ಹಾಗಾಗಿ ಮೇಲ್‌ನ ನೋಟಿಫಿಕೇಶನ್ ಆಫ್ ಮಾಡಿ ಎರಡು ಕ್ರಮಗಳನ್ನು ನೋಡಿದೆ.

ಮೊದಲನೆಯದು ಗಂಟೆಗೊಮ್ಮೆ ಹತ್ತು ನಿಮಿಷ. ಇದರಿಂದ ಯಾರೂ ಗೊಣಗಲಿಲ್ಲ, ಅದು ಒಳ್ಳೆಯದೇ. ಆದರೆ ಹತ್ತು ನಿಮಿಷದಲ್ಲಿ ಮೇಲ್ ಓದಲು ಆಗುತ್ತದೆ, ಉತ್ತರ ಬರೆಯಲು ಆಗುವುದಿಲ್ಲ. ಓದಿ ಬಿಟ್ಟ ಮೇಲ್ ತಲೆ ಕೊರೆಯುತ್ತಲೇ ಇರುತ್ತದೆ. ಮುಂದಿನ ಗಂಟೆ ಬರೆಯುವುದಕ್ಕಿಂತ ಗಡಿಯಾರ ನೋಡುವುದೇ ಜಾಸ್ತಿ.

ಎರಡನೆಯದು ಮೂರೇ ಸಲ, ಪ್ರತಿ ಸಲ ಮುಕ್ಕಾಲು ಗಂಟೆ. ಓದಿದ್ದಕ್ಕೆ ಆಗಲೇ ಉತ್ತರ. ಇಲ್ಲಿ ಎಷ್ಟು ಸಲ ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 9 ಆದಾಗ ನಮಗೆ ಮಧ್ಯಾಹ್ನ 12:30. ನಾನು 9:30ಕ್ಕೆ ಬಂದು ಉತ್ತರಿಸಿದರೂ ಓದುವವರು ಇನ್ನೂ ಮಲಗಿರುತ್ತಾರೆ! ಅದಕ್ಕೇ ಮೊದಲ ಸರದಿ 11:30ಕ್ಕೆ. ಬೆಳಗಿನ ಎರಡು ಗಂಟೆ ಪೂರ್ತಿ ಬರವಣಿಗೆಗೆ ಸಿಗುತ್ತದೆ, ಅವರು ಸೀಟಿಗೆ ಬರುವ ಹೊತ್ತಿಗೆ ನನ್ನ ಉತ್ತರ ಅಲ್ಲಿರುತ್ತದೆ. ಇನ್ನೆರಡು 3ಕ್ಕೆ ಮತ್ತು 5:30ಕ್ಕೆ. ಕೊನೆಯದನ್ನು ಮನೆಗೆ ಹೊರಡುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಕಳಿಸಿದ ಉತ್ತರಕ್ಕೆ ಮರುಪ್ರಶ್ನೆ ಬಂದೇ ಬರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಿಟ್ಟರೆ ಮೂರೂ ಸರದಿ ಒಂದು ಗಂಟೆ ಮುಂದಕ್ಕೆ.

ಇದರ ತೊಂದರೆ ಎಳೆದಾಟ. "ಮೀಟಿಂಗ್ ಯಾವಾಗ?" ಅಂತ ಕೇಳಿದರೆ ಅವರು ಒಂದು ಸಮಯ ಹೇಳಿ, ನಾನು ಆಗಲ್ಲ ಅಂದು, ಎರಡು ದಿನ ಹೋಗುತ್ತದೆ. ಈಗ ಹೀಗೆ ಬರೆಯುತ್ತೇನೆ: "ಮಂಗಳವಾರ 2 ಅಥವಾ ಬುಧವಾರ 4, ನಮ್ಮ ಸಮಯ. ನಾಳೆ ಮಧ್ಯಾಹ್ನದೊಳಗೆ ಏನೂ ಹೇಳದಿದ್ದರೆ ಮಂಗಳವಾರ ಅಂತ ಇಟ್ಟುಕೊಳ್ಳುತ್ತೇನೆ." ಒಂದೇ ಮೇಲ್‌ಗೆ ಮುಗಿಯಿತು.

ಇನ್ನೊಂದು ಕಳ್ಳದಾರಿ ಇದೆ. ಯಾರಿಗೋ ಫೈಲ್ ಕಳಿಸಲೆಂದು ಜಿಮೇಲ್ ತೆರೆದರೆ ಇನ್‌ಬಾಕ್ಸ್ ಕಣ್ಣಿಗೆ ಬೀಳುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಈ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಕೊಂಡರೆ ಬರೆಯುವ ಪುಟ ಮಾತ್ರ ತೆರೆಯುತ್ತದೆ:

```
https://mail.google.com/mail/?view=cm&fs=1
```

ಹಳೆಯ ಔಟ್‌ಲುಕ್ ಇದ್ದರೆ Send/Receive ಟ್ಯಾಬ್‌ನಲ್ಲಿ Work Offline ಒತ್ತಿ. ಹಳೆಯ ಮೇಲ್ ಹುಡುಕಬಹುದು, ಉತ್ತರ ಬರೆದಿಡಬಹುದು, ಹೊಸದು ಮಾತ್ರ ಒಳಗೆ ಬರುವುದಿಲ್ಲ.

ನನ್ನ ಆಯ್ಕೆ ಮೂರು ಸಲ. ಬಿಡುಗಡೆಯ ವಾರದಲ್ಲಿ ಮಾತ್ರ ಗಂಟೆಗೊಮ್ಮೆಗೆ ಹೋಗುತ್ತೇನೆ. ಆಗ ಹೇಗೂ ದೊಡ್ಡ ಅಧ್ಯಾಯ ಬರೆಯುವುದು ಇರುವುದಿಲ್ಲ, ಬರೀ ಸಣ್ಣಪುಟ್ಟ ತಿದ್ದುಪಡಿ. ನಿಜಕ್ಕೂ ತುರ್ತು ಇದ್ದರೆ ಫೋನ್ ಮಾಡಿ ಅಂತ ಸಹಿಯ ಕೆಳಗೆ ಬರೆದಿದ್ದೇನೆ. ಫೋನ್ ಬರುವುದು ತೀರಾ ಅಪರೂಪ.